ಐದು ಕೆಜಿ ಡಿಎಪಿ ಕೆರೆಗೆ ಸೇರಿದರೆ

"ಗೊಬ್ಬರ → ಪಾಚಿ ಬೆಳೆಯುತ್ತದೆ → ಆಮ್ಲಜನಕ ಕಡಿಮೆಯಾಗುತ್ತದೆ → ಮೀನು ಸಾಯುತ್ತವೆ."

ಸ್ಪರ್ಧಾತ್ಮಕ ಪರೀಕ್ಷೆಗೆ ಓದುವ ಹುಡುಗರ ಉತ್ತರಗಳನ್ನು ತಿದ್ದಿಕೊಡುವುದು ನನ್ನ ಕೆಲಸ. ಈ ಸಾಲು ಎಷ್ಟು ಸಲ ಕಣ್ಣಿಗೆ ಬಿದ್ದಿದೆಯೋ ಲೆಕ್ಕವಿಲ್ಲ. ತಪ್ಪೇನೂ ಇಲ್ಲ. ಆದರೆ ಇಷ್ಟಕ್ಕೆ ಹದಿನೈದು ಅಂಕದಲ್ಲಿ ಐದು ಕೊಟ್ಟರೆ ಹೆಚ್ಚು. ಅಂಕ ಕಡಿಮೆ ಬಂತು ಅಂತ ಬೇಜಾರು ಮಾಡಿಕೊಂಡವರಿಗೆ ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ಪಾಚಿ ಗಿಡದ ಹಾಗೆ. ಬಿಸಿಲಿದ್ದರೆ ಆಮ್ಲಜನಕ ಬಿಡುತ್ತೆ. ಹಾಗಿದ್ದ ಮೇಲೆ ಪಾಚಿ ಜಾಸ್ತಿಯಾದರೆ ನೀರಲ್ಲಿ ಆಮ್ಲಜನಕವೂ ಜಾಸ್ತಿಯಾಗಬೇಕು ಅಲ್ವಾ? ಕಡಿಮೆ ಯಾಕೆ ಆಗುತ್ತೆ?

ಹೆಚ್ಚಿನವರು ಇಲ್ಲಿ ಸುಮ್ಮನಾಗುತ್ತಾರೆ. ಕೆಲವರು "ಪಾಚಿ ಮೇಲೆ ಮುಚ್ಚಿಕೊಂಡು ಗಾಳಿ ಒಳಗೆ ಹೋಗಲ್ಲ ಸಾರ್" ಅಂತಾರೆ. ಅದು ಕಾಲು ಭಾಗ ಸರಿ. ಬಾಣದ ಗುರುತು ಹಾಕೋದು ಸುಲಭ. ಆ ಬಾಣದ ಒಳಗೆ ಏನು ನಡೆಯುತ್ತೆ ಅನ್ನುವುದನ್ನು ಬರೆದರೆ ಮಾತ್ರ ಅದು ಕಾರಣ–ಪರಿಣಾಮದ ಉತ್ತರ. ಅದಕ್ಕೇ ಇಲ್ಲಿ ಒಂದು ಸಣ್ಣ ಕೆರೆ ಇಟ್ಟುಕೊಂಡು, ಒಂದೊಂದೇ ಬಾಣವನ್ನು ಬಿಡಿಸಿ, ಸಾಧ್ಯವಾದ ಕಡೆ ಲೆಕ್ಕವನ್ನೂ ಹಾಕಿ ನೋಡೋಣ. ಪುಸ್ತಕಗಳಲ್ಲಿ ಇದಕ್ಕೆ ಯೂಟ್ರೋಫಿಕೇಶನ್ ಅಂತಲೋ ಸುಪೋಷಣೆ ಅಂತಲೋ ಹೆಸರು. 'ಸು' ಅನ್ನುವುದು ನನಗ್ಯಾಕೋ ಸರಿಬರುವುದಿಲ್ಲ. ಅತಿಪೋಷಣೆ ಅಂತಲೇ ಕರೆಯುತ್ತೇನೆ.

ಗೊಬ್ಬರ ಕೆರೆಗೆ ಬರುವುದು ಹೇಗೆ

ನಮ್ಮ ಕೆರೆ ಮಂಡ್ಯ, ತುಮಕೂರು, ಹಾಸನದ ಕಡೆ ಊರಿಗೊಂದು ಸಿಗುವಂಥದ್ದು. ನೀರು ನಿಂತ ಜಾಗ ಒಂದು ಹೆಕ್ಟೇರ್, ಅಂದರೆ ಸುಮಾರು ಎರಡೂವರೆ ಎಕರೆ. ಸರಾಸರಿ ಆಳ ಎರಡು ಮೀಟರ್. ಒಟ್ಟು ನೀರು 20,000 ಘನ ಮೀಟರ್, ಅಂದರೆ 2 ಕೋಟಿ ಲೀಟರ್.

ಇಲ್ಲೇ ಒಂದು ತಕರಾರು ಬರುತ್ತೆ. ಅಚ್ಚುಕಟ್ಟು ಇರುವುದು ಏರಿಯ ಕೆಳಗೆ. ತೂಬಿನಿಂದ ನೀರು ಗದ್ದೆಗೆ ಇಳಿಯುತ್ತೆ. ಗದ್ದೆಯ ನೀರು ಮೇಲಕ್ಕೆ ಹತ್ತಿ ಕೆರೆಗೆ ಬರುತ್ತಾ? ಬರಲ್ಲ. ಗೊಬ್ಬರ ಬರುವುದು ಎರಡು ದಾರಿಯಲ್ಲಿ. ಒಂದು, ಕೆರೆಗೆ ನೀರು ಹರಿದು ಬರುವ ಮೇಲಿನ ಹೊಲಗಳಿಂದ. ಮೊದಲು ಬರೀ ರಾಗಿ, ಹುರುಳಿ ಬೆಳೆಯುತ್ತಿದ್ದ ಆ ಜಾಗದಲ್ಲಿ ಈಗ ಬೋರ್‌ವೆಲ್ ಇದೆ, ಮೆಕ್ಕೆಜೋಳ ಇದೆ, ತರಕಾರಿ ಇದೆ. ಇನ್ನೊಂದು ದಾರಿ ನಮ್ಮ ಕಡೆಯ ಕೆರೆಗಳ ಸರಣಿ. ಮೇಲಿನ ಕೆರೆ ಕೋಡಿ ಬಿದ್ದ ನೀರು ಕೆಳಗಿನ ಕೆರೆಗೆ ಬರುತ್ತೆ. ಅದರ ಜೊತೆಗೆ ಮೇಲಿನ ಕೆರೆಯ ಅಚ್ಚುಕಟ್ಟಿನ ಗದ್ದೆಗಳ ಬಸಿನೀರೂ ಬರುತ್ತೆ. ಸರಣಿಯಲ್ಲಿ ಕೊನೆಗಿರುವ ಕೆರೆಗೆ ಎಲ್ಲರ ಪಾಲೂ ಬಂದು ಸೇರುತ್ತೆ. ಉತ್ತರದಲ್ಲಿ ಈ ಎರಡು ಸಾಲು ಬರೆದವರು ಕೆರೆಯನ್ನು ಕಣ್ಣಾರೆ ನೋಡಿದ್ದಾರೆ ಅಂತ ಓದುವವರಿಗೆ ತಕ್ಷಣ ಗೊತ್ತಾಗುತ್ತೆ.

ಗೊಬ್ಬರದ ಎರಡು ಮುಖ್ಯ ಸತ್ವಗಳು ಒಂದೇ ರೀತಿ ಹರಿದು ಬರುವುದಿಲ್ಲ. ಯೂರಿಯಾದ ಸಾರಜನಕ ಮಣ್ಣಿನಲ್ಲಿ ಬೇಗ ರೂಪ ಬದಲಿಸಿ ಕೊನೆಗೆ ನೈಟ್ರೇಟ್ ಆಗುತ್ತೆ. ನೈಟ್ರೇಟ್ ಮಣ್ಣಿಗೆ ಅಂಟಿಕೊಳ್ಳಲ್ಲ. ನೀರು ಹೋದ ಕಡೆ ಹೋಗುತ್ತೆ, ಬಸಿದು ಬಾವಿಗೂ ಇಳಿಯುತ್ತೆ. ಡಿಎಪಿಯ ರಂಜಕ ಇದಕ್ಕೆ ವಿರುದ್ಧ. ಮಣ್ಣು ಸಿಕ್ಕಿದ ತಕ್ಷಣ ಅದರ ಕಬ್ಬಿಣಕ್ಕೋ ಸುಣ್ಣಕ್ಕೋ ಅಂಟಿ ಕೂತುಬಿಡುತ್ತೆ. ಹಾಗಾಗಿ ರಂಜಕ ಕೆರೆಗೆ ಬರುವುದು ಹೆಚ್ಚಾಗಿ ಮಣ್ಣಿನ ಬೆನ್ನೇರಿ. ಮಳೆ ಜೋರಾಗಿ ಹೊಡೆದಾಗ ಮೇಲ್ಮಣ್ಣಿನ ಅತಿ ನಯವಾದ ಜೇಡಿ ಕಣ ಮೊದಲು ಕೊಚ್ಚಿಕೊಂಡು ಬರುತ್ತೆ, ರಂಜಕ ಜಾಸ್ತಿ ಇರುವುದೂ ಅದರಲ್ಲೇ. ಇದಕ್ಕೊಂದು ಅಪವಾದ ಇದೆ. ಗೊಬ್ಬರ ಎರಚಿದ ಸಂಜೆಯೇ ಮಳೆ ಬಂದರೆ, ಕಾಳು ಮಣ್ಣಿಗೆ ಸೇರುವ ಮೊದಲೇ ಕರಗಿ ನೇರವಾಗಿ ಹಳ್ಳಕ್ಕೆ ಇಳಿಯುತ್ತೆ. ವರ್ಷದ ನಷ್ಟದಲ್ಲಿ ದೊಡ್ಡ ಪಾಲು ಇಂಥ ಒಂದೆರಡು ಮಳೆಯಲ್ಲೇ ಆಗಿಹೋಗುವುದು ಉಂಟು.

2025ರ ಮುಂಗಾರಿನಲ್ಲಿ ಯೂರಿಯಾಗಾಗಿ ರೈತರು ಕ್ಯೂ ನಿಂತಿದ್ದು ನೆನಪಿರಬಹುದು. ಗೊಬ್ಬರ ಯಾವಾಗ ಸಿಗುತ್ತೋ ಗೊತ್ತಿಲ್ಲದಿದ್ದಾಗ, ಸಿಕ್ಕಿದ ದಿನವೇ ಹಾಕಿಬಿಡೋಣ ಅನ್ನಿಸುವುದು ಸಹಜ. ಮೋಡ ನೋಡಿಕೊಂಡು ಹಾಕುವಷ್ಟು ಪುರುಸೊತ್ತು ಯಾರಿಗಿದೆ?

ಐವತ್ತು ಗ್ರಾಂ ಕಥೆ

ಈಗ ಲೆಕ್ಕ. ಡಿಎಪಿ ಚೀಲದ ಮೇಲೆ 18:46:0 ಅಂತ ಇರುತ್ತೆ. 46 ಅನ್ನುವುದು ರಂಜಕದ ಆಕ್ಸೈಡ್ ಲೆಕ್ಕ. ಡಿಎಪಿಯ ತೂಕದಲ್ಲಿ ನಿಜವಾದ ರಂಜಕ ಸುಮಾರು ಶೇ 20. ಅಂದರೆ 50 ಕೆಜಿ ಚೀಲದಲ್ಲಿ 10 ಕೆಜಿ ರಂಜಕ, 5 ಕೆಜಿ ಡಿಎಪಿಯಲ್ಲಿ 1 ಕೆಜಿ.

ಕೆರೆಯ ಮೇಲೆ 20 ಹೆಕ್ಟೇರ್ ಹೊಲ ಇದೆ ಅಂದುಕೊಳ್ಳಿ. ಹೆಕ್ಟೇರಿಗೆ ಎರಡು ಚೀಲ ಡಿಎಪಿ ಹಾಕಿದ್ದಾರೆ. ಎಕರೆಗೆ ಒಂದು ಚೀಲವೂ ಬೀಳಲಿಲ್ಲ, ದುಂದು ಅಂತ ಯಾರೂ ಹೇಳಲಾರರು. ಹೆಕ್ಟೇರಿಗೆ 20 ಕೆಜಿ ರಂಜಕ ಬಿತ್ತು. ಅದರಲ್ಲಿ ಬರೀ 50 ಗ್ರಾಂ ಕೊಚ್ಚಿಹೋಯಿತು ಅಂತ ಇಟ್ಟುಕೊಳ್ಳೋಣ. ಹಾಕಿದ್ದರಲ್ಲಿ ಕಾಲು ಪರ್ಸೆಂಟ್. ಯಾವ ರೈತನಿಗೂ ಅದು ನಷ್ಟ ಅಂತ ಅನ್ನಿಸುವುದಿಲ್ಲ. ಇಪ್ಪತ್ತು ಹೆಕ್ಟೇರಿಂದ ಐವತ್ತೈವತ್ತು ಗ್ರಾಂ ಸೇರಿದರೆ 1 ಕೆಜಿ.

ಆ ಒಂದು ಕೆಜಿ ನಮ್ಮ 2 ಕೋಟಿ ಲೀಟರಿಗೆ ಬಿದ್ದರೆ ಲೀಟರಿಗೆ 50 ಮೈಕ್ರೊಗ್ರಾಂ. ಕೆರೆಗಳನ್ನು ವಿಂಗಡಿಸಲು ಬಳಸುವ ಒಂದು ಹೆಸರಾಂತ ಅಳತೆಯಲ್ಲಿ ಒಟ್ಟು ರಂಜಕ ಲೀಟರಿಗೆ 35 ಮೈಕ್ರೊಗ್ರಾಂ ದಾಟಿದರೆ ಆ ಕೆರೆ ಅತಿಪೋಷಣೆಯ ಗುಂಪಿಗೆ ಸೇರುತ್ತೆ. ಹೊಲದ ಲೆಕ್ಕದಲ್ಲಿ ಗಣನೆಗೇ ಬಾರದ ಐವತ್ತು ಗ್ರಾಂ, ಕೆರೆಯ ಲೆಕ್ಕದಲ್ಲಿ ಗಡಿ ದಾಟಿಸುತ್ತೆ. ಈ ಸಮಸ್ಯೆಯ ತಿರುಳು ಇಲ್ಲಿದೆ ಅಂತ ನನ್ನ ಅಭಿಪ್ರಾಯ. ತಪ್ಪಿತಸ್ಥ ಅಂತ ಬೆರಳು ತೋರಿಸಲು ಒಬ್ಬ ರೈತನೂ ಸಿಗುವುದಿಲ್ಲ. ಕಾರ್ಖಾನೆಯ ಪೈಪಿಗೆ ಬೀಗ ಹಾಕಿದ ಹಾಗೆ ಇಪ್ಪತ್ತು ಹೆಕ್ಟೇರಿಗೆ ಬೀಗ ಹಾಕಲು ಆಗುವುದೂ ಇಲ್ಲ.

ಇಷ್ಟು ಚೂರು ರಂಜಕ ಯಾಕೆ ಸಾಕು

ಪಾಚಿಗೆ ಬೆಳಕು ಬೇಕು, ಇಂಗಾಲ ಬೇಕು, ಸಾರಜನಕ ಬೇಕು, ರಂಜಕ ಬೇಕು. ಬೆಳಕು ಬಿಸಿಲಲ್ಲಿದೆ. ಇಂಗಾಲ ಗಾಳಿಯಿಂದ ಕರಗಿ ಬರುತ್ತೆ. ಕೊರತೆ ಇರುವುದು ಸಾಮಾನ್ಯವಾಗಿ ರಂಜಕಕ್ಕೆ. ಯಾವುದು ಬೇಕಾದ್ದಕ್ಕಿಂತ ಕಡಿಮೆ ಇದೆಯೋ ಅದೇ ಬೆಳವಣಿಗೆಯ ಲಗಾಮು. ಮನೆಯಲ್ಲಿ ಹಿಟ್ಟು ಹತ್ತು ಕೆಜಿ ಇದ್ದರೂ ಗ್ಯಾಸ್ ಮುಗಿದರೆ ರೊಟ್ಟಿ ಇಲ್ಲ, ಹಾಗೆ.

ಇದನ್ನು ಕಣ್ಣಿಗೆ ಕಟ್ಟುವ ಹಾಗೆ ತೋರಿಸಿದ್ದು ಕೆನಡಾದ ಡೇವಿಡ್ ಶಿಂಡ್ಲರ್ ಮತ್ತು ಅವರ ಜೊತೆಗಾರರು. ಒಂಟಾರಿಯೋದ ಕಾಡಿನ ನಡುವೆ ಪ್ರಯೋಗಕ್ಕೆಂದೇ ಮೀಸಲಿಟ್ಟ ಸರೋವರಗಳಿವೆ. ಅದರಲ್ಲಿ 226ನೇ ನಂಬರಿನ ಸರೋವರ ನಡುವೆ ಸಣಕಲಾಗಿ, ಡಮರುಗದ ಆಕಾರದಲ್ಲಿದೆ. 1973ರಲ್ಲಿ ಆ ನಡುವಿಗೆ ಅಡ್ಡವಾಗಿ ಪ್ಲಾಸ್ಟಿಕ್ ಪರದೆ ಕಟ್ಟಿದರು. ಎರಡೂ ಕಡೆಗೆ ಇಂಗಾಲ ಮತ್ತು ಸಾರಜನಕ ಹಾಕಿದರು. ಒಂದು ಕಡೆಗೆ ಮಾತ್ರ ರಂಜಕವನ್ನೂ ಹಾಕಿದರು. ಅದೇ ಬೇಸಿಗೆಯಲ್ಲಿ ರಂಜಕ ಬಿದ್ದ ಭಾಗ ಹಸಿರು ಬಣ್ಣ ಸುರಿದ ಹಾಗಾಯಿತು, ಇನ್ನೊಂದು ಭಾಗ ತಿಳಿಯಾಗೇ ಉಳಿಯಿತು. ಮೇಲಿನಿಂದ ತೆಗೆದ ಆ ಫೋಟೋ ಈ ವಿಷಯದಲ್ಲಿ ಜಗತ್ತಿನಲ್ಲೇ ಪ್ರಸಿದ್ಧ. ಉತ್ತರದಲ್ಲಿ ಸಾಕ್ಷಿಯಾಗಿ ಒಂದೇ ಒಂದು ಉದಾಹರಣೆ ಕೊಡುವುದಾದರೆ ಇದನ್ನು ಕೊಡಿ.

ಹಾಗಂತ ಯೂರಿಯಾಗೆ ಪಾತ್ರವೇ ಇಲ್ಲ ಅಂತ ಬರೆಯಬೇಡಿ. 1 ಕೆಜಿ ರಂಜಕವನ್ನು ಪೂರ್ತಿ ಬಳಸಿಕೊಳ್ಳಲು ಪಾಚಿಗೆ 7 ಕೆಜಿ ಚಿಲ್ಲರೆ ಸಾರಜನಕ ಬೇಕು. ನಮ್ಮ 5 ಕೆಜಿ ಡಿಎಪಿಯಲ್ಲಿ ಅದು ಒಂದು ಕೆಜಿಯೂ ಇಲ್ಲ. ಉಳಿದದ್ದನ್ನು ತುಂಬಿಕೊಡುವುದು ಯೂರಿಯಾ. 45 ಕೆಜಿಯ ಚೀಲ 266 ರೂಪಾಯಿ ಚಿಲ್ಲರೆಗೆ ಸಿಗುತ್ತೆ, ಡಿಎಪಿ ಚೀಲಕ್ಕೆ 1,350. ಕೈ ಯಾವುದರ ಕಡೆ ಹೆಚ್ಚು ಓಡುತ್ತೆ ಅಂತ ಹೇಳಬೇಕಾಗಿಲ್ಲ. ಒಂದು ವೇಳೆ ಯೂರಿಯಾ ಬರದಿದ್ದರೂ ಕೆಲವು ನೀಲಿ-ಹಸಿರು ಪಾಚಿಗಳು ಗಾಳಿಯಲ್ಲಿರುವ ಸಾರಜನಕವನ್ನೇ ಹಿಡಿದುಕೊಳ್ಳುತ್ತವೆ. ಸಾರಜನಕದ ಕೊರತೆಗೆ ಹೀಗೆ ಒಂದು ಅಡ್ಡದಾರಿ ಇದೆ. ರಂಜಕಕ್ಕೆ ಅದೂ ಇಲ್ಲ, ಗಾಳಿಯಲ್ಲಿ ರಂಜಕ ಸಿಗಲ್ಲ. ಅದಕ್ಕೇ ಕೆರೆಯ ವಿಷಯದಲ್ಲಿ ಮೊದಲು ಹಿಡಿಯಬೇಕಾದದ್ದು ರಂಜಕವನ್ನು ಅನ್ನುವುದು.

ಹಗಲು ಜಾಸ್ತಿ, ರಾತ್ರಿ ಖಾಲಿ

1 ಕೆಜಿ ರಂಜಕದಿಂದ ಒಣತೂಕದಲ್ಲಿ ಹೆಚ್ಚೂಕಡಿಮೆ 115 ಕೆಜಿ ಪಾಚಿ ಹುಟ್ಟಬಹುದು. ಇದು ಗರಿಷ್ಠ ಲೆಕ್ಕ. ನಿಜದಲ್ಲಿ ಸ್ವಲ್ಪ ರಂಜಕ ಹೂಳಿಗೆ ಇಳಿಯುತ್ತೆ, ಸ್ವಲ್ಪ ಕೋಡಿ ದಾಟಿ ಹೋಗುತ್ತೆ. ಅರ್ಧ ಹುಟ್ಟಿದರೂ ಕೆರೆಯ ರೂಪ ಬದಲಾಗುತ್ತೆ. ಮೊದಲು ನೀರಿನ ತಿಳಿ ಹೋಗುತ್ತೆ. ಬೆಳಕು ತಳ ಮುಟ್ಟುವುದಿಲ್ಲ. ತಳದಲ್ಲಿ ಬೇರು ಬಿಟ್ಟು ಬೆಳೆದ ನೀರುಗಿಡಗಳು ಬೆಳಕಿಲ್ಲದೆ ಸಾಯುತ್ತವೆ. ಕೆಳಗಿನ ನೀರಿಗೆ ಆಮ್ಲಜನಕ ಕೊಡುತ್ತಿದ್ದದ್ದು, ಮೀನಿನ ಮರಿಗಳಿಗೆ ಮರೆಯಾಗಿದ್ದದ್ದು, ಹೂಳು ಕದಡದ ಹಾಗೆ ಹಿಡಿದಿದ್ದದ್ದು ಆ ಗಿಡಗಳೇ. ಈ ಕೊಂಡಿಯನ್ನು ಹತ್ತರಲ್ಲಿ ಒಂಬತ್ತು ಉತ್ತರಗಳು ಬಿಟ್ಟುಬಿಡುತ್ತವೆ.

ಇನ್ನು ಆ ಮೊದಲ ಪ್ರಶ್ನೆ. ಹಗಲಲ್ಲಿ ಪಾಚಿ ಆಮ್ಲಜನಕ ಬಿಡುವುದು ನಿಜವೇ. ಮಧ್ಯಾಹ್ನ ಮೂರು ಗಂಟೆಗೆ ಇಂಥ ಕೆರೆಯ ಮೇಲ್ನೀರನ್ನು ಅಳೆದರೆ ಆಮ್ಲಜನಕ ಇರಬೇಕಾದ್ದಕ್ಕಿಂತ ಹೆಚ್ಚೇ ಸಿಗುತ್ತೆ. ಆ ಹೊತ್ತಿನಲ್ಲಿ ಮಾತ್ರ ಸ್ಯಾಂಪಲ್ ತೆಗೆದು "ಕೆರೆ ಆರೋಗ್ಯವಾಗಿದೆ" ಅಂತ ಬರೆಯುವುದು ದೊಡ್ಡ ಎಡವಟ್ಟು. ಕತ್ತಲಾದ ಮೇಲೆ ಪಾಚಿ ತಯಾರಿ ನಿಲ್ಲಿಸುತ್ತೆ, ಉಸಿರಾಟ ನಿಲ್ಲಿಸಲ್ಲ. ಮೀನು, ಹುಳು, ಬ್ಯಾಕ್ಟೀರಿಯಾಗಳ ಜೊತೆ ಪಾಚಿಯೂ ರಾತ್ರಿಯೆಲ್ಲ ಆಮ್ಲಜನಕ ತಿನ್ನುತ್ತೆ. ಬೆಳಗಿನ ಜಾವಕ್ಕೆ ಆಮ್ಲಜನಕ ದಿನದಲ್ಲೇ ಅತಿ ಕಡಿಮೆ.

ಒಂದು ಕೆರೆಯಲ್ಲಿ ಮೀನಿನ ಹರಾಜು ಹಿಡಿದವರೊಬ್ಬರನ್ನು ಮಾತಾಡಿಸಿದ್ದೆ. ಏರಿಯ ಮೇಲೆ ಕೂತು ಬೀಡಿ ಸೇದುತ್ತಾ ಅವರು ಹೇಳಿದ್ದಿಷ್ಟು: "ಬಿಸ್ಲು ಕಾದ್ರೆ ಯೋಚ್ನೆ ಇಲ್ಲ ಸಾ. ಎರಡು ದಿವ್ಸ ಮೋಡ ಹಾಕ್ಕಂಡು, ಗಾಳಿ ನಿಂತೋಯ್ತು ಅಂದ್ರೆ ನಂಗೆ ನಿದ್ದೆ ಬರಾಕಿಲ್ಲ. ಕೋಳಿ ಕೂಗೋ ಹೊತ್ಗೆ ಬಂದು ನೋಡ್ತೀನಿ, ಮೀನು ಮೇಕ್ ಬಂದು ಬಾಯಿ ಬಿಡ್ತಾ ಇರ್ತವೆ." ಮೋಡ ಕವಿದರೆ ಹಗಲಿನ ಆಮ್ಲಜನಕ ತಯಾರಾಗಲ್ಲ. ಗಾಳಿ ಇಲ್ಲದಿದ್ದರೆ ಅಲೆ ಏಳದೆ ಗಾಳಿಯ ಆಮ್ಲಜನಕವೂ ನೀರಿಗೆ ಬೆರೆಯಲ್ಲ. ಪುಸ್ತಕದಲ್ಲಿ ಒಂದು ಪುಟ ಇರುವುದನ್ನು ಅವರು ಮೂರು ವಾಕ್ಯದಲ್ಲಿ ಮುಗಿಸಿದರು.

ಹಗಲಿನಲ್ಲಿ ಇನ್ನೊಂದು ಕಿತಾಪತಿ ನಡೆಯುತ್ತೆ. ಪಾಚಿ ನೀರಿನಿಂದ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡು ಪಿಎಚ್ ಅನ್ನು 9ರ ಆಚೆಗೆ ಏರಿಸಬಹುದು. ಪಿಎಚ್ 7 ಇದ್ದಾಗ ನೀರಿನ ಒಟ್ಟು ಅಮೋನಿಯಾದಲ್ಲಿ ವಿಷದ ರೂಪ ಶೇ 1ಕ್ಕಿಂತ ಕಡಿಮೆ. 9ಕ್ಕೆ ಏರಿದರೆ ಮೂರನೇ ಒಂದು ಭಾಗ ದಾಟುತ್ತೆ. ರಾತ್ರಿ ಉಸಿರು ಕಟ್ಟಿ ಸುಸ್ತಾದ ಮೀನಿಗೆ ಹಗಲು ಅಮೋನಿಯಾ ಕಾಟ.

ಸಾವಿನ ಲೆಕ್ಕ

ಇದುವರೆಗಿನದು ದಿನದಿನದ ಏರಿಳಿತ. ದೊಡ್ಡ ಹೊಡೆತ ಬೀಳುವುದು ಪಾಚಿ ಸಾಯುವಾಗ. ರಂಜಕ ಮುಗಿದೋ, ತಾನೇ ಹರಡಿದ ನೆರಳಿಗೆ ಸಿಕ್ಕಿಯೋ, ಮೋಡದ ದಿನಗಳಲ್ಲೋ ಪಾಚಿ ಒಟ್ಟಿಗೆ ಸತ್ತು ತಳಕ್ಕೆ ಇಳಿಯುತ್ತೆ. ಬ್ಯಾಕ್ಟೀರಿಯಾಗಳಿಗೆ ಅದು ಹಬ್ಬದೂಟ. ಊಟ ಅರಗಿಸಿಕೊಳ್ಳಲು ಅವಕ್ಕೆ ಆಮ್ಲಜನಕ ಬೇಕು. ಎಷ್ಟು ಬೇಕು? 1 ಕೆಜಿ ರಂಜಕದಿಂದ ಹುಟ್ಟಿದ ಪಾಚಿ ಪೂರ್ತಿ ಕೊಳೆಯಲು ಸುಮಾರು 140 ಕೆಜಿ ಆಮ್ಲಜನಕ.

ಕೆರೆಯಲ್ಲಿ ಎಷ್ಟಿದೆ? ನಮ್ಮ ಬಯಲುಸೀಮೆಯ ಎತ್ತರದಲ್ಲಿ, 27 ಡಿಗ್ರಿಯ ನೀರಿನಲ್ಲಿ ಕರಗಿರಬಹುದಾದ ಆಮ್ಲಜನಕ ಲೀಟರಿಗೆ ಏಳೂವರೆ ಮಿಲಿಗ್ರಾಂ ಆಸುಪಾಸು. 2 ಕೋಟಿ ಲೀಟರಿಗೆ ಲೆಕ್ಕ ಹಾಕಿದರೆ 150 ಕೆಜಿ. ಇಡೀ ಕೆರೆಯ ಆಸ್ತಿ ಅಷ್ಟೇ. ಐದು ಕೆಜಿ ಡಿಎಪಿ ಎಬ್ಬಿಸಿದ ಸಾಲವನ್ನು ತೀರಿಸಲು ಕೆರೆಯ ಆಮ್ಲಜನಕ ಹೆಚ್ಚುಕಮ್ಮಿ ಪೂರ್ತಿ ಹೋಗುತ್ತೆ.

ಹಾಗಾದರೆ ಪ್ರತಿ ಕೆರೆಯೂ ಸಾಯಬೇಕಿತ್ತಲ್ಲ? ಇಲ್ಲ, ಯಾಕೆಂದರೆ ಸಾಲವನ್ನು ಕಂತಿನಲ್ಲಿ ತೀರಿಸಬಹುದು. ಪಾಚಿ ಒಂದೆರಡು ತಿಂಗಳಲ್ಲಿ ನಿಧಾನವಾಗಿ ಕೊಳೆತರೆ ಗಾಳಿಯಿಂದ ಆಮ್ಲಜನಕ ಬಂದು ಸೇರುತ್ತಲೇ ಇರುತ್ತೆ. ನಾಲ್ಕೈದು ದಿನದಲ್ಲಿ ಎಲ್ಲ ಒಟ್ಟಿಗೆ ಕೊಳೆತರೆ ಗಾಳಿಗೆ ಅಷ್ಟು ಬೇಗ ತುಂಬಿಕೊಡಲು ಆಗಲ್ಲ. ಹಾಗಾಗಿ ಉತ್ತರದಲ್ಲಿ 'ಆಮ್ಲಜನಕ ಕಡಿಮೆಯಾಗುತ್ತದೆ' ಅನ್ನುವ ಬದಲು 'ಬಂದು ಸೇರುವ ವೇಗಕ್ಕಿಂತ ಖರ್ಚಾಗುವ ವೇಗ ಹೆಚ್ಚಾಗುತ್ತದೆ' ಅಂತ ಬರೆಯಿರಿ. ಆ ಒಂದು ವಾಕ್ಯಕ್ಕೆ ಅಂಕ ಇದೆ.

ಬಿಸಿಲಿನ ದಿನಗಳಲ್ಲಿ ತಳ ಮೊದಲು ಸೋಲುತ್ತೆ. ಬೆಚ್ಚಗಿನ ಹಗುರ ನೀರು ಮೇಲೆ, ತಣ್ಣನೆಯ ಭಾರದ ನೀರು ಕೆಳಗೆ ನಿಂತು, ಎರಡೂ ಬೆರೆಯುವುದಿಲ್ಲ. ಕೊಳೆಯುವ ಕೆಲಸ ಕೆಳಗೆ, ಆಮ್ಲಜನಕ ಮೇಲೆ. ಆಮೇಲೆ ಒಂದು ಜೋರು ಮಳೆಗಾಳಿ ಬಂದು ಕೆಳಗಿನ ಆಮ್ಲಜನಕವಿಲ್ಲದ ನೀರನ್ನು ಮೇಲಕ್ಕೆ ಕದಡಿದರೆ ಇಡೀ ಕೆರೆ ಒಂದೇ ರಾತ್ರಿಯಲ್ಲಿ ಹಾಳು. "ನಿನ್ನೆ ತನಕ ಚೆನ್ನಾಗಿತ್ತು, ಮಳೆ ಬಂದು ಮೀನೆಲ್ಲ ಸತ್ತವು, ಯಾರೋ ವಿಷ ಹಾಕಿದ್ದಾರೆ" ಅನ್ನುವ ಜಗಳದ ಹಿಂದೆ ಎಷ್ಟೋ ಸಲ ಇದೇ ಇರುತ್ತೆ. ವಿಷವೋ ಉಸಿರುಗಟ್ಟುವಿಕೆಯೋ ಅಂತ ತಿಳಿಯಲು ಒಂದು ಸುಳಿವಿದೆ. ಆಮ್ಲಜನಕ ಮುಗಿದು ಸತ್ತಿದ್ದರೆ ಸಾವು ಬೆಳಗಿನ ಜಾವಕ್ಕೆ ಆಗಿರುತ್ತೆ. ದೊಡ್ಡ ಕಾಟ್ಲಾ, ರೋಹು ಮೊದಲು ಹೋಗಿರುತ್ತವೆ, ಮೇಲೆ ಬಂದು ಗಾಳಿ ನುಂಗಬಲ್ಲ ಕೊರವ ಮೀನು ಬದುಕಿರುತ್ತೆ. ವಿಷವಾದರೆ ಹೊತ್ತು ಗೊತ್ತು ಇಲ್ಲ, ಸಣ್ಣದು ದೊಡ್ಡದು ಅನ್ನದೆ ಎಲ್ಲವೂ ಸಾಯುತ್ತವೆ.

ಸರಪಳಿ ಬಳೆಯಾಗುವ ಜಾಗ

ಮೀನು ಸಾಯುವಲ್ಲಿಗೆ ಉತ್ತರ ಮುಗಿಸುವವರೇ ಹೆಚ್ಚು. ಆದರೆ ಕಥೆ ಅಲ್ಲಿ ತಿರುಗುತ್ತೆ. ಕೆರೆಯ ತಳದ ಹೂಳಿನಲ್ಲಿ ವರ್ಷಗಳಿಂದ ಬಂದ ರಂಜಕ ಕೂತಿದೆ. ಅದನ್ನು ಹಿಡಿದಿಟ್ಟಿರುವುದು ತುಕ್ಕಿನ ರೂಪದಲ್ಲಿರುವ ಕಬ್ಬಿಣ. ನಮ್ಮ ಕೆಂಪುಮಣ್ಣಿನ ಸೀಮೆಯಲ್ಲಿ ಆ ಕಬ್ಬಿಣಕ್ಕೆ ಬರವಿಲ್ಲ. ಆಮ್ಲಜನಕ ಇರುವ ತನಕ ಹಿಡಿತ ಗಟ್ಟಿ. ತಳದಲ್ಲಿ ಆಮ್ಲಜನಕ ಸೊನ್ನೆಯಾದ ಕೂಡಲೇ ಆ ಕಬ್ಬಿಣ ರೂಪ ಬದಲಿಸಿ ಕರಗುತ್ತೆ, ಹಿಡಿದಿದ್ದ ರಂಜಕವನ್ನು ಬಿಟ್ಟುಬಿಡುತ್ತೆ. ಅದು ಮೇಲೆ ಬಂದು ಮತ್ತೆ ಪಾಚಿಗೆ ಆಹಾರ. ಮತ್ತೆ ಪಾಚಿ, ಮತ್ತೆ ಸಾವು, ಮತ್ತೆ ಸೊನ್ನೆ.

ಅಂದರೆ ಪರಿಣಾಮವೇ ಹೊಸ ಕಾರಣವಾಯಿತು. ಇವತ್ತು ಮೇಲಿನ ಹೊಲಗಳಲ್ಲಿ ಒಂದು ಕಾಳು ಗೊಬ್ಬರ ಹಾಕದಿದ್ದರೂ ಕೆರೆ ಕೆಲವು ವರ್ಷ ಹಸಿರಾಗೇ ಇರಬಹುದು. ಗೊಬ್ಬರ ಕಡಿಮೆ ಮಾಡಿದರೂ ಕೆರೆ ಸುಧಾರಿಸಲಿಲ್ಲ, ಹಾಗಾಗಿ ಗೊಬ್ಬರ ಕಾರಣವೇ ಅಲ್ಲ ಅಂತ ವಾದ ಮಾಡುವವರು ಎಡವುವುದು ಇಲ್ಲೇ. ಕೆರೆ ಹಳೇ ಬಾಕಿ ತಿನ್ನುತ್ತಿದೆ.

ಕದಡಿದರೆ ಕಪ್ಪು ಹೂಳು, ಕೊಳೆತ ಮೊಟ್ಟೆಯ ವಾಸನೆ, ತಳದಿಂದ ಏಳುವ ಗುಳ್ಳೆ ಕಂಡರೆ ಕೆರೆ ಈ ಹಂತಕ್ಕೆ ಬಂದಿದೆ ಅಂತ ಅರ್ಥ.

ಈ ಸುತ್ತು ಬಿದ್ದ ಕೆರೆಯಲ್ಲಿ ಗೆಲ್ಲುವುದು ನೀಲಿ-ಹಸಿರು ಪಾಚಿ. ಹೆಸರಿಗೆ ಪಾಚಿ, ಜಾತಿಯಲ್ಲಿ ಬ್ಯಾಕ್ಟೀರಿಯಾ. ಅದರಲ್ಲಿ ಮೈಕ್ರೊಸಿಸ್ಟಿಸ್ ಅನ್ನುವುದು ಮೈಯೊಳಗೆ ಗಾಳಿಚೀಲ ಇಟ್ಟುಕೊಂಡು ಮೇಲೆ ತೇಲುತ್ತೆ, ಬೆಳಕು ತಾನು ತಗೊಂಡು ಉಳಿದವಕ್ಕೆ ನೆರಳು ಮಾಡುತ್ತೆ. ಅದರ ಕೆಲವು ಬಗೆಗಳು ಯಕೃತ್ತಿಗೆ ಹೊಡೆಯುವ ವಿಷ ತಯಾರಿಸುತ್ತವೆ. ನೀರು ಕುದಿಸಿದರೆ ಆ ವಿಷ ಹೋಗಲ್ಲ. 2014ರ ಆಗಸ್ಟ್ 2ರಂದು ಅಮೆರಿಕದ ಟೊಲಿಡೊ ನಗರದಲ್ಲಿ ನಲ್ಲಿ ನೀರು ಕುಡಿಯಬೇಡಿ ಅಂತ ಸಾರಿದ್ದು ಇದೇ ವಿಷ ಸಿಕ್ಕಿ. ನಾಲ್ಕೈದು ಲಕ್ಷ ಜನಕ್ಕೆ ಸುಮಾರು ಮೂರು ದಿನ ನಲ್ಲಿ ನೀರು ಇಲ್ಲ. ಆ ನಗರಕ್ಕೆ ನೀರು ಕೊಡುವ ಈರಿ ಸರೋವರದ ಆ ಭಾಗಕ್ಕೆ ರಂಜಕ ಹೆಚ್ಚಾಗಿ ಹರಿದು ಬರುವುದು ಮೌಮಿ ನದಿಯಲ್ಲಿ. ಅದರ ದಂಡೆಯುದ್ದಕ್ಕೂ ಮೆಕ್ಕೆಜೋಳ, ಸೋಯಾ ಹೊಲಗಳು. ನಮ್ಮಲ್ಲಿ ಕೆರೆಯ ನೀರನ್ನು ನೇರವಾಗಿ ಕುಡಿಯುವುದು ದನಕರು. ಗಾಳಿ ಪಾಚಿಯನ್ನು ಒಂದು ದಡಕ್ಕೆ ತಳ್ಳಿ ಕೆನೆ ಕಟ್ಟಿಸಿದ್ದರೆ, ಆ ದಡದಲ್ಲಿ ದನ ಇಳಿಸಬಾರದು.

ಗೊಬ್ಬರವೋ ಕೊಳಚೆಯೋ

ಪ್ರಶ್ನೆ ಗೊಬ್ಬರದ ಬಗ್ಗೆ ಇದ್ದಾಗ ಬೆಳ್ಳಂದೂರಿನ ನೊರೆಯನ್ನು ಉದಾಹರಣೆ ಕೊಡುವವರು ತುಂಬ. ಬೆಳ್ಳಂದೂರು ಬಹುಪಾಲು ನಗರದ ಕೊಳಚೆ ನೀರಿನ ಕಥೆ. ನೊರೆಯಲ್ಲಿ ಡಿಟರ್ಜೆಂಟ್ ಪಾತ್ರ ದೊಡ್ಡದು. ಅಲ್ಲೂ ರಂಜಕ, ಸಾರಜನಕ ಬರುವುದು ನಿಜ, ಆದರೆ ಕೊಳೆಯುವ ವಸ್ತುವೇ ಕೊಳಚೆಯ ಜೊತೆ ಬರುತ್ತೆ. ಹಾಗಾಗಿ ಒಳಹರಿವಿನ ಬಾಯಲ್ಲೇ ಬಿಒಡಿ, ಅಂದರೆ ಆ ವಸ್ತುವನ್ನು ಕೊಳೆಸಲು ಬ್ಯಾಕ್ಟೀರಿಯಾಗಳಿಗೆ ಬೇಕಾಗುವ ಆಮ್ಲಜನಕದ ಅಳತೆ, ಹೆಚ್ಚಿರುತ್ತೆ, ವರ್ಷವಿಡೀ ಹೆಚ್ಚಿರುತ್ತೆ. ಹೊಲದಿಂದ ಬರುವ ನೀರಿನಲ್ಲಿ ಬಿಒಡಿ ಕಡಿಮೆ. ಕೊಳೆಯುವ ವಸ್ತು ಆಮೇಲೆ ಕೆರೆಯ ಒಳಗೇ ಪಾಚಿಯ ರೂಪದಲ್ಲಿ ತಯಾರಾಗುತ್ತೆ. ಬಿತ್ತನೆಯ ನಂತರದ ಮಳೆ ಬಂದು ಕೆಲವು ವಾರಕ್ಕೆ ನೀರು ಹಸಿರಾದರೆ ಗೊಬ್ಬರದ ಮೇಲೆ ಅನುಮಾನ ಪಡಬಹುದು. ಊರ ಚರಂಡಿಯೂ ಅದೇ ಕೆರೆಗೆ ಬಿಟ್ಟಿದ್ದರೆ ಎರಡನ್ನೂ ಬೇರೆ ಮಾಡುವುದು ಕಷ್ಟ. ಅದನ್ನು ಹಾಗೇ ಒಪ್ಪಿಕೊಂಡು ಬರೆಯುವುದೇ ಸರಿ.

ಮನೆಮಟ್ಟದ ಒಂದು ಪರೀಕ್ಷೆಯೂ ಇದೆ. ಮಳೆಗಾಲದಲ್ಲಿ ನೀರು ಮಬ್ಬಾಗಿದ್ದರೆ ಮಣ್ಣಿನಿಂದಲೋ ಪಾಚಿಯಿಂದಲೋ ಗೊತ್ತಾಗಲ್ಲ. ಗಾಜಿನ ಬಾಟಲಿಯಲ್ಲಿ ತುಂಬಿ ಅಲ್ಲಾಡಿಸದೆ ಒಂದು ರಾತ್ರಿ ಇಡಿ. ಮಣ್ಣಾದರೆ ಹೆಚ್ಚಿನದು ಕೆಳಗೆ ಕೂರುತ್ತೆ. ತೇಲುವ ನೀಲಿ-ಹಸಿರು ಪಾಚಿಯಾದರೆ ಬೆಳಿಗ್ಗೆಗೆ ಮೇಲೆ ಹಸಿರು ಉಂಗುರ ಕಟ್ಟಿರುತ್ತೆ.

ಯಾವ ಕೊಂಡಿಯನ್ನು ಕಡಿಯುವುದು

ಪರಿಹಾರ ಕೇಳಿದಾಗ ಜಾಗೃತಿ, ಕಾನೂನು, ಸಾವಯವ ಕೃಷಿ ಅಂತ ಪಟ್ಟಿ ಹಾಕುವುದು ರೂಢಿ. ಅದರ ಬದಲು ಪ್ರತಿ ಪರಿಹಾರವೂ ಸರಪಳಿಯ ಯಾವ ಕೊಂಡಿಗೆ ಹೊಡೆಯುತ್ತೆ ಅಂತ ಕೇಳಿಕೊಳ್ಳಿ. ಪಟ್ಟಿ ತಾನಾಗೇ ಚಿಕ್ಕದಾಗುತ್ತೆ.

ಪಾಚಿ ಕಂಡ ಕೂಡಲೇ ಮೈಲುತುತ್ತು ಹಾಕುವವರಿದ್ದಾರೆ. ಅದು ನಡುವಿನ ಕೊಂಡಿ. ಪಾಚಿ ಒಂದೇ ಸಲ ಸಾಯುತ್ತೆ, 140 ಕೆಜಿ ಸಾಲವನ್ನು ಒಂದೇ ವಾರದಲ್ಲಿ ವಸೂಲಿಗೆ ಇಟ್ಟ ಹಾಗೆ. ಪಾಚಿ ಹೋಗಿ ಮೀನೂ ಹೋಗುತ್ತೆ, ವಿಷದ ಪಾಚಿಯಾದರೆ ಜೀವಕೋಶ ಒಡೆದು ವಿಷ ನೀರಿಗೆ ಬಿಡುಗಡೆಯಾಗುತ್ತೆ. ರಂಜಕ ಮಾತ್ರ ಕೆರೆಯಲ್ಲೇ ಉಳಿಯುತ್ತೆ. ಗಾಳಿ ಕದಡುವ ಯಂತ್ರ ಮೀನನ್ನು ಆ ರಾತ್ರಿಗೆ ಉಳಿಸುತ್ತೆ, ತಳಕ್ಕೆ ಆಮ್ಲಜನಕ ಮುಟ್ಟಿದರೆ ಕಬ್ಬಿಣದ ಹಿಡಿತವೂ ಗಟ್ಟಿಯಾಗುತ್ತೆ. ಆದರೆ ಕರೆಂಟು ಹೋದ ದಿನ ಮತ್ತೆ ಮೊದಲಿನ ಕಥೆ.

ಮೊದಲ ಕೊಂಡಿಗೆ ಹೊಡೆಯುವುದು ಅಗ್ಗ. ಮಣ್ಣು ಪರೀಕ್ಷೆಯಲ್ಲಿ ರಂಜಕ ಸಾಕಷ್ಟಿದೆ ಅಂತ ಬಂದರೆ ಆ ವರ್ಷ ಡಿಎಪಿ ಕಡಿಮೆ ಮಾಡಬಹುದು. ಎರಚುವ ಬದಲು ಬೀಜದ ಪಕ್ಕ ಮಣ್ಣಿನೊಳಗೆ ಹಾಕಿದರೆ ಮಳೆಗೆ ಸಿಗುವುದಿಲ್ಲ. ಹೊಲಕ್ಕೂ ಹಳ್ಳಕ್ಕೂ ನಡುವೆ ಹುಲ್ಲಿನ ಪಟ್ಟಿ, ಬದು ಇದ್ದರೆ ಜೇಡಿ ಕಣ ಅಲ್ಲೇ ನಿಲ್ಲುತ್ತೆ, ಅದರ ಬೆನ್ನೇರಿದ ರಂಜಕವೂ ನಿಲ್ಲುತ್ತೆ. ಕರಗಿದ ನೈಟ್ರೇಟನ್ನು ಹುಲ್ಲುಪಟ್ಟಿ ಅಷ್ಟು ಚೆನ್ನಾಗಿ ಹಿಡಿಯಲ್ಲ. ಅದಕ್ಕೆ ಯೂರಿಯಾವನ್ನು ಒಂದೇ ಸಲ ಸುರಿಯದೆ ಎರಡು ಮೂರು ಕಂತಿನಲ್ಲಿ ಹಾಕುವುದೇ ದಾರಿ.

ಬರವಣಿಗೆಯ ಮಾದರಿ ಕೇಳುವವರಿಗಾಗಿ ಆಮ್ಲಜನಕದ ಭಾಗವನ್ನು ನಾನು ಹೇಗೆ ಬರೆಯುತ್ತಿದ್ದೆ ಅಂತ ಇಲ್ಲಿ ಹಾಕುತ್ತೇನೆ:

"ರಂಜಕ ಸಿಕ್ಕಿದ್ದರಿಂದ ಪಾಚಿ ವೇಗವಾಗಿ ಬೆಳೆದು ನೀರಿಗೆ ಬೆಳಕು ಇಳಿಯದಂತೆ ತಡೆಯುತ್ತದೆ. ಇದರಿಂದ ತಳದ ಗಿಡಗಳು ಸತ್ತು, ಕೆಳಗಿನ ನೀರಿನ ಆಮ್ಲಜನಕದ ಮೂಲ ನಿಲ್ಲುತ್ತದೆ. ಹಗಲಿನಲ್ಲಿ ಪಾಚಿ ಆಮ್ಲಜನಕ ಕೊಟ್ಟರೂ ರಾತ್ರಿ ಉಸಿರಾಟಕ್ಕೆ ಅದನ್ನೇ ಬಳಸುವುದರಿಂದ ಬೆಳಗಿನ ಜಾವಕ್ಕೆ ಮಟ್ಟ ಕುಸಿಯುತ್ತದೆ. ಪಾಚಿ ಒಟ್ಟಿಗೆ ಸತ್ತಾಗ ಕೊಳೆಸುವ ಬ್ಯಾಕ್ಟೀರಿಯಾಗಳು ಗಾಳಿಯಿಂದ ಬಂದು ಸೇರುವುದಕ್ಕಿಂತ ವೇಗವಾಗಿ ಆಮ್ಲಜನಕ ಬಳಸುತ್ತವೆ. ತಳ ಆಮ್ಲಜನಕರಹಿತವಾದಾಗ ಹೂಳಿನ ಕಬ್ಬಿಣ ಹಿಡಿದಿಟ್ಟ ರಂಜಕ ಬಿಡುಗಡೆಯಾಗಿ ಮತ್ತೆ ಪಾಚಿಯನ್ನು ಬೆಳೆಸುತ್ತದೆ."

ಐದೇ ವಾಕ್ಯ. ಪ್ರತಿ ವಾಕ್ಯದಲ್ಲೂ ಹಿಂದಿನ ವಾಕ್ಯದ ಫಲವೇ ಮುಂದಿನದಕ್ಕೆ ಕಾರಣ. 'ಇದರಿಂದ' ಅನ್ನುವ ಪದ ತೆಗೆದರೂ ಸರಪಳಿ ಕಳಚಬಾರದು.

ಇನ್ನು ಕೆರೆಯೊಳಗಿನ ಹಳೇ ಬಾಕಿ. ಅದನ್ನು ತೆಗೆಯಲು ನಮ್ಮ ಹಿರಿಯರು ಬೇರೆ ಕಾರಣಕ್ಕೆ ಮಾಡುತ್ತಿದ್ದ ಒಂದು ಕೆಲಸ ಸರಿಯಾಗಿ ಹೊಂದುತ್ತೆ. ಬೇಸಿಗೆಯಲ್ಲಿ ಕೆರೆ ಬತ್ತಿದಾಗ ಗೋಡುಮಣ್ಣನ್ನು ಗಾಡಿಯಲ್ಲಿ ತುಂಬಿ ಹೊಲಕ್ಕೆ ಹೊಡೆಯುತ್ತಿದ್ದರು. ಒಣಗಿದ ಹೂಳಿನಲ್ಲಿ ಕೆಜಿಗೆ ಒಂದು ಗ್ರಾಂ ರಂಜಕ ಇದೆ ಅಂತ ಇಟ್ಟುಕೊಂಡರೆ, ಮೂರು ಟನ್ನಿನ ಒಂದು ಟ್ರ್ಯಾಕ್ಟರ್ ಲೋಡಿನಲ್ಲಿ 3 ಕೆಜಿ ರಂಜಕ ಕೆರೆಯಿಂದ ಹೊರಗೆ ಬಂತು. ನಮ್ಮ ಕೆರೆಯನ್ನು ಹಸಿರು ಮಾಡಿದ್ದರ ಮೂರರಷ್ಟು. ಅದೆಲ್ಲ ಬೆಳೆಗೆ ಕೂಡಲೇ ಸಿಗುವ ರೂಪದಲ್ಲಿ ಇರುವುದಿಲ್ಲ, ಹಾಗಾಗಿ ಗೋಡು ಹೊಡೆದೆವು ಅಂತ ಡಿಎಪಿಯನ್ನು ಪೂರ್ತಿ ಬಿಡಲಾಗದು. ಊರ ಚರಂಡಿಯೋ ಕಾರ್ಖಾನೆಯ ನೀರೋ ಸೇರುವ ಕೆರೆಯಾದರೆ ಹೂಳಿನಲ್ಲಿ ಸೀಸ, ಕ್ಯಾಡ್ಮಿಯಂ ಇದೆಯಾ ಅಂತ ಪರೀಕ್ಷೆ ಮಾಡಿಸದೆ ಹೊಲಕ್ಕೆ ಹೊಡೆಯಬಾರದು. ಮತ್ತೆ, ಗೋಡನ್ನು ಹೊಲದಲ್ಲಿ ರಾಶಿ ಹಾಕಿ ಹಾಗೇ ಬಿಟ್ಟರೆ ಮುಂದಿನ ಮುಂಗಾರಿಗೆ ಅದು ಬಂದ ದಾರಿಯಲ್ಲೇ ವಾಪಸ್ ಹೋಗುತ್ತೆ. ಮಳೆಗೆ ಮೊದಲು ಹರಡಿ ಉಳುಮೆ ಮಾಡಿ ಮಣ್ಣಿಗೆ ಸೇರಿಸಿಬಿಡಬೇಕು.